ಊಟದ ಡಬ್ಬಿಯ ದರ ಏರಿಸುವ ಮುಂಚೆ: ಲೆಕ್ಕ, ಕಾರಣ, ಗಡುವು, ಮಾತು

2023ರ ಮೇ 29ರ ರಾತ್ರಿ ನನ್ನ ಗ್ರಾಹಕರಿಗೆಲ್ಲ ಒಂದು ವಾಟ್ಸ್ಆಪ್ ಮೆಸೇಜ್ ಕಳಿಸಿದೆ. 'ಸಾಮಾನುಗಳ ಬೆಲೆ ಏರಿರುವುದರಿಂದ ಜೂನ್ 1ರಿಂದ ಡಬ್ಬಿಗೆ 80 ರೂಪಾಯಿ. ದಯವಿಟ್ಟು ಸಹಕರಿಸಿ.' ಅಷ್ಟೇ. ಆಗ ಡಬ್ಬಿಗೆ 70 ರೂಪಾಯಿ ಇತ್ತು. ಮೈಸೂರಿನಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟ ಮಾಡಿ ಕಳಿಸುವ ಸಣ್ಣ ವ್ಯವಹಾರ ನಮ್ಮದು.

ಮಾರನೆಯ ವಾರದೊಳಗೆ ಒಂಬತ್ತು ಜನ ಬಿಟ್ಟರು. ಒಬ್ಬ ಆಂಟಿ ನನ್ನಲ್ಲಿ ಮೂರು ವರ್ಷ ಊಟ ತೆಗೆದುಕೊಂಡಿದ್ದವರು. ಅವರ ಸ್ಟೀಲ್ ಡಬ್ಬಿ ಬೆಳ್ಳಗೆ ತೊಳೆದು ವಾಪಸ್ ಬಂತು. ಮೇಲಿನ ಬಟ್ಟಲಲ್ಲಿ ಮಡಚಿದ ಚೀಟಿ: 'ನಾಳೆಯಿಂದ ಬೇಡ.' ಚೀಟಿಯೊಳಗೆ ಹಿಂದಿನ ತಿಂಗಳ ಬಾಕಿ 140 ರೂಪಾಯಿ, ಚಿಲ್ಲರೆ ಸಮೇತ. ತಿಂಗಳಾದ ಮೇಲೆ ತರಕಾರಿ ಅಂಗಡಿಯಲ್ಲಿ ಸಿಕ್ಕರು. 'ಹತ್ತು ರೂಪಾಯಿ ದೊಡ್ಡದಲ್ಲಮ್ಮ. ಎರಡು ದಿನ ಮುಂಚೆ ಹೇಳಿದ್ಯಲ್ಲ, ನಾನು ಬೇಡ ಅನ್ನೋಕೂ ಟೈಮ್ ಕೊಡ್ಲಿಲ್ಲ' ಅಂದರು.

ಆ ಮಾತನ್ನು ಇಟ್ಟುಕೊಂಡೇ 2025ರಲ್ಲಿ ದರವನ್ನು 80ರಿಂದ 90ಕ್ಕೆ ಏರಿಸಿದೆ. ಆಗ ಏನೇನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಟ್ಯೂಷನ್, ಹಾಲು ಹಾಕುವುದು, ಇಸ್ತ್ರಿ, ಮನೆ ಕ್ಲೀನಿಂಗ್, ಹೀಗೆ ತಿಂಗಳ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

1. ಮೊದಲು ಒಂದು ಡಬ್ಬಿಯ ಲೆಕ್ಕ

'ಖರ್ಚು ಜಾಸ್ತಿ ಆಗಿದೆ' ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಎಷ್ಟು ಜಾಸ್ತಿ ಆಗಿದೆ, ಯಾವುದರಲ್ಲಿ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಹಾಗಾಗಿ ಒಂದು ತಿಂಗಳ ಪೂರ್ತಿ ಖರ್ಚನ್ನು ಆ ತಿಂಗಳು ಕಳಿಸಿದ ಡಬ್ಬಿಗಳ ಸಂಖ್ಯೆಯಿಂದ ಭಾಗಿಸಿ. ಎರಡು ವರ್ಷದ ಹಿಂದಿನ ಒಂದು ತಿಂಗಳಿಗೂ ಹಾಗೇ ಮಾಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

ನನ್ನ ಲೆಕ್ಕ ಹೀಗಿತ್ತು. ಅರವತ್ತು ಗ್ರಾಹಕರು, ತಿಂಗಳಿಗೆ 25 ದಿನ, ಒಟ್ಟು 1,500 ಡಬ್ಬಿ. 2023ರಲ್ಲಿ ಒಂದು ಡಬ್ಬಿಗೆ ದಿನಸಿ 30 ರೂಪಾಯಿ, ತರಕಾರಿ ಮತ್ತು ಮೊಸರು 12, ಗ್ಯಾಸ್ 4, ಅಡುಗೆಗೆ ಬರುವ ಇಬ್ಬರ ಸಂಬಳ 14, ತಲುಪಿಸುವ ಖರ್ಚು 6. ಒಟ್ಟು 66. ದರ 80 ಆದ ಮೇಲೆ ಉಳಿಯುತ್ತಿದ್ದದ್ದು 14 ರೂಪಾಯಿ. 2025ರಲ್ಲಿ ದಿನಸಿ 35, ತರಕಾರಿ ಮತ್ತು ಮೊಸರು 14, ಗ್ಯಾಸ್ ಅದೇ 4, ಸಂಬಳ 17, ತಲುಪಿಸುವುದು 7. ಒಟ್ಟು 77. ಉಳಿಯುತ್ತಿದ್ದದ್ದು ಬರೀ 3 ರೂಪಾಯಿ. ಅಂದರೆ ತಿಂಗಳಿಗೆ 4,500. ಒಂದು ಮಿಕ್ಸಿ ಕೆಟ್ಟರೆ ಆ ತಿಂಗಳು ಮುಗೀತು.

ಇಲ್ಲಿ ಎರಡು ವಿಷಯ ಕಾಣಿಸಿತು. ಗ್ಯಾಸ್ ಏರಿರಲೇ ಇಲ್ಲ. ನಾನು ಮಾತ್ರ ಎಲ್ಲರ ಹತ್ತಿರ 'ಗ್ಯಾಸ್ ರೇಟು ನೋಡಿ' ಅಂತ ಹೇಳಿಕೊಂಡು ಓಡಾಡುತ್ತಿದ್ದೆ. ಇನ್ನೊಂದು, ಖರ್ಚು 11 ರೂಪಾಯಿ ಏರಿದೆ, ನಾನು ಏರಿಸಬೇಕೆಂದಿರುವುದು 10. ಈ ಎರಡು ಸಂಖ್ಯೆ ಮುಂದೆ ಮೆಸೇಜ್ ಬರೆಯುವಾಗ ತುಂಬ ಕೆಲಸಕ್ಕೆ ಬಂದವು.

ಇದರ ಜೊತೆಗೇ ಇನ್ನೊಂದು ಲೆಕ್ಕ ಹಾಕಿಡಿ: ಎಷ್ಟು ಜನ ಬಿಟ್ಟರೂ ಈಗಿನಷ್ಟೇ ಸಂಪಾದನೆ ಉಳಿಯುತ್ತದೆ? ಒಬ್ಬರು ಬಿಟ್ಟರೆ ದಿನಸಿ, ತರಕಾರಿ, ಗ್ಯಾಸ್ ಉಳಿಯುತ್ತದೆ. ಆದರೆ ಸಂಬಳವೂ ತಲುಪಿಸುವ ಖರ್ಚೂ ಹಾಗೇ ಇರುತ್ತವೆ. ಅವೆರಡು ಸೇರಿ ನನಗೆ ತಿಂಗಳಿಗೆ 36,000. ಹೊಸ ದರದಲ್ಲಿ ಪ್ರತಿ ಡಬ್ಬಿಯಲ್ಲೂ ಸಾಮಾನಿನ ಖರ್ಚು 53 ಕಳೆದರೆ 37 ಉಳಿಯುತ್ತದೆ. ಒಬ್ಬ ಗ್ರಾಹಕರಿಂದ ತಿಂಗಳಿಗೆ 925. ಈಗಿನ 4,500 ಕೈಗೆ ಬರಬೇಕಾದರೆ 36,000 ಸೇರಿಸಿ 40,500 ಬೇಕು. ಅದಕ್ಕೆ 44 ಗ್ರಾಹಕರು ಸಾಕು. ಅಂದರೆ ಹದಿನಾರು ಜನ ಬಿಟ್ಟರೂ ನಾನು ಈಗಿನದಕ್ಕಿಂತ ಕೆಳಗೆ ಬೀಳುವುದಿಲ್ಲ.

ಈ ಹದಿನಾರು ಅನ್ನುವ ಸಂಖ್ಯೆ ಯಾಕೆ ಬೇಕು ಗೊತ್ತಾ? ಮೆಸೇಜ್ ಕಳಿಸಿದ ಮರುದಿನ ಮೂರು ಜನ 'ಬೇಡ' ಅಂದರೆ ಕೈಕಾಲು ನಡುಗುತ್ತದೆ. ಆ ಗಾಬರಿಯಲ್ಲಿ 'ಆಯ್ತು, ನಿಮಗೆ 85 ಮಾಡ್ತೀನಿ' ಅಂದುಬಿಡುತ್ತೇವೆ. ಸಂಖ್ಯೆ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿದ್ದರೆ ಹಾಗೆ ಬಾಯಿ ಜಾರುವುದಿಲ್ಲ.

2. ಅವರವರ ಬಿಲ್ ಎಷ್ಟಾಗುತ್ತದೆ ನೋಡಿ

2025ರ ಫೆಬ್ರವರಿ 9ರಂದು ಬೆಂಗಳೂರಿನ ನಮ್ಮ ಮೆಟ್ರೋ ದರ ಏರಿತು. ಅದಕ್ಕೆ ಮುಂಚೆ ಏರಿದ್ದು 2017ರಲ್ಲಿ. ಅತಿ ಹೆಚ್ಚಿನ ಟಿಕೆಟ್ 60ರಿಂದ 90 ರೂಪಾಯಿ ಆಯಿತು. ಆದರೆ ಜನಕ್ಕೆ ಸಿಟ್ಟು ಬಂದದ್ದು ಆ 90ಕ್ಕಲ್ಲ. ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾಗಿತ್ತು. ದಿನಾ ಅದೇ ದಾರಿಯಲ್ಲಿ ಓಡಾಡುವವರಿಗೆ ಸರಾಸರಿ ಏರಿಕೆ ಎಷ್ಟು ಅನ್ನುವುದು ಬೇಕಿರಲಿಲ್ಲ. ತಮ್ಮ ಕಾರ್ಡಿನಿಂದ ಎಷ್ಟು ಹೋಯಿತು ಅನ್ನುವುದು ಕಣ್ಣಿಗೆ ಕಂಡಿತ್ತು. ವಾರದೊಳಗೇ ನಿಗಮವು ವಿಪರೀತ ಏರಿದ್ದ ಕಡೆ ದರ ಇಳಿಸಿ, ಏರಿಕೆಗೆ ಶೇ 71ರ ಮಿತಿ ಹಾಕಬೇಕಾಯಿತು.

ನಮ್ಮ ಸಣ್ಣ ವ್ಯವಹಾರದಲ್ಲೂ ಇದೇ ಆಗುತ್ತದೆ. 'ಡಬ್ಬಿಗೆ ಹತ್ತು ರೂಪಾಯಿ' ಎಂದರೆ ನಮಗೆ ಎಲ್ಲರಿಗೂ ಒಂದೇ. ಒಬ್ಬರೇ ಇರುವವರಿಗೆ ತಿಂಗಳಿಗೆ 250. ಗಂಡ ಹೆಂಡತಿ ಇಬ್ಬರಿಗೂ ತೆಗೆದುಕೊಂಡರೆ 500. ನಾಲ್ಕು ಹುಡುಗರು ಸೇರಿ ಒಂದು ರೂಮಿನಲ್ಲಿದ್ದು ಒಬ್ಬನೇ ಹಣ ಕಟ್ಟುತ್ತಿದ್ದರೆ ಅವನ ಫೋನಿನಲ್ಲಿ ಕಾಣುವುದು ಒಂದೇ ಸಲ 1,000 ಜಾಸ್ತಿ. ಹಾಗಾಗಿ ಗ್ರಾಹಕರ ಪಟ್ಟಿ ತೆಗೆದು ಪ್ರತಿಯೊಬ್ಬರ ಹೆಸರಿನ ಮುಂದೆ ಈಗಿನ ತಿಂಗಳ ಬಿಲ್, ಹೊಸ ಬಿಲ್ ಎರಡೂ ಬರೆಯಿರಿ. ಅರವತ್ತು ಹೆಸರಿಗೆ ಒಂದು ಗಂಟೆ ಸಾಕು. ಯಾರ ಬಿಲ್ ಎಲ್ಲರಿಗಿಂತ ಜಾಸ್ತಿ ಏರುತ್ತದೋ ಅವರಿಗೆ ಮೆಸೇಜ್ ಸಾಲದು, ಫೋನ್ ಮಾಡಬೇಕು. ಆ ಹೆಸರುಗಳಿಗೆ ಗುರುತು ಹಾಕಿಕೊಳ್ಳಿ. ಜಿಎಸ್‌ಟಿ ಹಾಕುವವರು ಅದನ್ನೂ ಸೇರಿಸಿದ ಮೊತ್ತವನ್ನೇ ಬರೆಯಿರಿ. ಗ್ರಾಹಕರು ಕೊಡುವುದು ಆ ಮೊತ್ತವನ್ನು.

ಮೆಟ್ರೋ ವಿಷಯದಲ್ಲಿ ಇನ್ನೊಂದು ಮಾತು. ಏಳೆಂಟು ವರ್ಷ ಸುಮ್ಮನಿದ್ದು ಒಂದೇ ಸಲ ಏರಿಸಿದರೆ ಯಾರೂ 'ಇಷ್ಟು ವರ್ಷ ಏರಿಸಲಿಲ್ಲವಲ್ಲ' ಅಂತ ನೆನೆಯುವುದಿಲ್ಲ. ಏರಿದ ಮೊತ್ತ ಮಾತ್ರ ಕಾಣುತ್ತದೆ. ನಾನು ಎರಡು ವರ್ಷ ಕಾದದ್ದೂ ತಪ್ಪೇ. ವರ್ಷಕ್ಕೊಮ್ಮೆ ಐದು ರೂಪಾಯಿ ಏರಿಸಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು.

3. ತಾರೀಖು ಮತ್ತು ಹಳೇ ದರದ ಗಡುವು

ನಾನು ಹೇಳಿದ್ದು ಜೂನ್ 20ಕ್ಕೆ. ಹೊಸ ದರ ಆಗಸ್ಟ್ 1ರಿಂದ. ನಡುವೆ ಸುಮಾರು ನಲವತ್ತು ದಿನ. ಮುಖ್ಯವಾಗಿ, ನಡುವೆ ಜುಲೈ ಪೂರ್ತಿ ಒಂದು ಸಂಬಳದ ತಿಂಗಳು.

ಇಷ್ಟು ದಿನ ಯಾಕೆ? ಗ್ರಾಹಕರಿಗೆ ಮೂರು ಕೆಲಸಕ್ಕೆ ಟೈಮ್ ಬೇಕು. ಮನೆಯಲ್ಲಿ ಮಾತಾಡಬೇಕು. ಬೇರೆ ಕಡೆ ವಿಚಾರಿಸಬೇಕು, ಬೇಕಿದ್ದರೆ ಒಂದೆರಡು ದಿನ ತಿಂದು ನೋಡಬೇಕು. ಮುಂದಿನ ತಿಂಗಳ ಖರ್ಚಿನಲ್ಲಿ ಜಾಗ ಮಾಡಿಕೊಳ್ಳಬೇಕು. ಹದಿನೈದು ದಿನದಲ್ಲಿ ಮೊದಲ ಎರಡು ಆಗಬಹುದು. ಮೂರನೆಯದು ಆಗುವುದಿಲ್ಲ. ಆರು ತಿಂಗಳು ಮುಂಚೆಯೇ ಹೇಳಿದರೂ ಕಷ್ಟ, ಜನ ಮರೆತಿರುತ್ತಾರೆ. ಆಮೇಲೆ ಬಿಲ್ ನೋಡಿ ಹೊಸದಾಗಿ ಬೇಜಾರು ಮಾಡಿಕೊಳ್ಳುತ್ತಾರೆ.

ತಿಂಗಳ ನಡುವೆ ದರ ಬದಲಿಸಬೇಡಿ. 'ಹದಿನಾಲ್ಕು ದಿನ 80, ಹನ್ನೊಂದು ದಿನ 90' ಅಂತ ಲೆಕ್ಕ ಹಾಕುತ್ತಾ ಕೂತರೆ ಎರಡೂ ಕಡೆ ಅನುಮಾನ ಬರುತ್ತದೆ. ಹಾಗೇ ಮನೆಗಳ ಖರ್ಚಿನ ಕಾಲ ನೋಡಿ. ಮೇ ಕೊನೆ, ಜೂನ್ ಮೊದಲು ಮಕ್ಕಳ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್. ಮೈಸೂರಿನಲ್ಲಿ ದಸರಾ ಹೊತ್ತಿಗೆ ನೆಂಟರು ತುಂಬಿರುತ್ತಾರೆ. 2023ರಲ್ಲಿ ನಾನು ಸರಿಯಾಗಿ ಸ್ಕೂಲ್ ಫೀಸಿನ ವಾರದಲ್ಲೇ ಏರಿಸಿದ್ದೆ.

ಗಡುವಿಗೂ ಬೆಲೆ ಇದೆ. ಅದನ್ನೂ ಮೊದಲೇ ಲೆಕ್ಕ ಹಾಕಿ. ಜುಲೈ ಪೂರ್ತಿ ಹಳೇ ದರ ಕೊಟ್ಟದ್ದಕ್ಕೆ ನನಗೆ ಬರದೇ ಹೋದದ್ದು 15,000. ಮೂವರು ಸೆಪ್ಟೆಂಬರ್ ಕೊನೆವರೆಗೂ ಮುಂಗಡ ಕಟ್ಟಿದ್ದರು. ಅವರಿಗೆ ಸೆಪ್ಟೆಂಬರ್‌ವರೆಗೆ ಹಳೇ ದರವೇ. ಅದು 1,500. ಹಣ ತೆಗೆದುಕೊಂಡ ಮೇಲೆ ಡಿಫರೆನ್ಸ್ ಕೇಳುವುದು ಸರಿಯಲ್ಲ. ಇನ್ನು ನಾಲ್ಕು ಜನ ಒಬ್ಬೊಬ್ಬರೇ ಇರುವ ಹಿರಿಯರು, ಪಿಂಚಣಿಯಲ್ಲಿ ಬದುಕುವವರು. ಅವರಿಗೆ ಡಿಸೆಂಬರ್‌ವರೆಗೆ ಹಳೇ ದರ ಅಂತ ತೀರ್ಮಾನಿಸಿದೆ. ಅದು 5,000. ಎಲ್ಲ ಸೇರಿ 21,500. ಇಷ್ಟು ನನ್ನ ಕೈಯಿಂದ ಆಗುತ್ತದಾ ಅಂತ ನೋಡಿಕೊಂಡೇ ಒಪ್ಪಿದ್ದು. ಆಗದಿದ್ದರೆ ಹಿರಿಯರಿಗೆ ಅಕ್ಟೋಬರ್‌ವರೆಗೆ ಅನ್ನುತ್ತಿದ್ದೆ. ಮಾತು ಕೊಟ್ಟು ಆಮೇಲೆ ಹಿಂದೆ ತೆಗೆದುಕೊಳ್ಳುವುದಕ್ಕಿಂತ ಅದು ವಾಸಿ.

ಒಂದು ಸಲಹೆಯನ್ನು ನಾನು ಬೇಕೆಂದೇ ಬಿಟ್ಟೆ. 'ಮೂರು ತಿಂಗಳ ಹಣ ಈಗಲೇ ಕಟ್ಟಿದರೆ ಹಳೇ ದರ' ಅಂತ ತುಂಬ ಜನ ಮಾಡುತ್ತಾರೆ. ವ್ಯಾಪಾರಕ್ಕೆ ಒಳ್ಳೆಯದೇ, ಹಣ ಒಟ್ಟಿಗೆ ಬರುತ್ತದೆ. ಆದರೆ 6,000 ಒಂದೇ ಸಲ ಕಟ್ಟಲು ಆಗುವುದು ಕೈಯಲ್ಲಿ ದುಡ್ಡಿರುವವರಿಗೆ. 250 ರೂಪಾಯಿ ನಿಜವಾಗಲೂ ಹೊರೆ ಆಗುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅದಕ್ಕೇ ಎಲ್ಲರಿಗೂ ಒಂದು ತಿಂಗಳು ಅಂತ ಇಟ್ಟೆ.

4. ಕಾರಣ ಆರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಗ್ರಾಹಕರಿಗೆ ಬೇಗ ಅರ್ಥವಾಗುವ ಕಾರಣವನ್ನು ಹಿಡಿದುಕೊಳ್ಳುತ್ತೇವೆ. ಅದೇ ನಿಜವಾದ ಕಾರಣವಾ ಅಂತ ನೋಡುವುದಿಲ್ಲ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು, ಮೊಸರು ಲೀಟರಿಗೆ 4 ರೂಪಾಯಿ ಏರಿತ್ತು. ಎಲ್ಲರ ಮನೆಗೂ ಬರುವ ಪ್ಯಾಕೆಟ್, ಎಲ್ಲರಿಗೂ ಗೊತ್ತು. ಮೆಸೇಜಿನಲ್ಲಿ ಅದನ್ನೇ ಮೊದಲು ಬರೆದಿದ್ದೆ. ಆಮೇಲೆ ಲೆಕ್ಕ ಮಾಡಿದೆ. ಒಂದು ಡಬ್ಬಿಗೆ ನಾನು ಹಾಕುವುದು 50 ಮಿಲಿ ಮೊಸರು. ಅರವತ್ತು ಡಬ್ಬಿಗೆ ಮೂರು ಲೀಟರ್. ದಿನಕ್ಕೆ ಜಾಸ್ತಿಯಾದದ್ದು 12 ರೂಪಾಯಿ, ಡಬ್ಬಿಗೆ 20 ಪೈಸೆ. ಇಪ್ಪತ್ತು ಪೈಸೆ ತೋರಿಸಿ ಹತ್ತು ರೂಪಾಯಿ ಕೇಳಿದರೆ ಲೆಕ್ಕ ಬರುವ ಯಾರಾದರೂ ಒಪ್ಪುತ್ತಾರಾ? ಆ ಸಾಲು ಹೊಡೆದು ಹಾಕಿದೆ.

ಎಣ್ಣೆಯದ್ದು ಬೇರೆ ಥರದ ತೊಂದರೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ಆಗ ಎಲ್ಲರೂ ಎಣ್ಣೆಯ ಮೇಲೆ ಹಾಕಿ ದರ ಏರಿಸಿದರು. 2025ರ ಮೇ ಕೊನೆಗೆ ಆ ಸುಂಕವನ್ನು ಅರ್ಧಕ್ಕೆ ಇಳಿಸಿದರು. ಪೇಪರಿನಲ್ಲಿ ಬಂತು. ಎಣ್ಣೆ ಅಂತ ಹೇಳಿದ್ದವರನ್ನು ಗ್ರಾಹಕರು 'ಈಗ ನೀವೂ ಇಳಿಸಿ' ಅಂತ ಕೇಳಿದರೆ ತಪ್ಪೇನು? ಹೋಟೆಲ್ ಸಿಲಿಂಡರ್ ದರವೂ ಹಾಗೇ, ತಿಂಗಳ ಮೊದಲ ದಿನ ಏರುತ್ತದೆ ಅಥವಾ ಇಳಿಯುತ್ತದೆ. ಹೀಗೆ ಏರಿ ಇಳಿಯುವುದರ ಮೇಲೆ ದರ ನಿಲ್ಲಿಸಿದರೆ ಅದು ಇಳಿದ ದಿನ ನಮ್ಮ ಮಾತು ಬೀಳುತ್ತದೆ.

ಹಾಗಾಗಿ ಕಾರಣಕ್ಕೆ ಮೂರು ಪರೀಕ್ಷೆ ಇಟ್ಟುಕೊಂಡೆ. ಅದು ನಿಜವಾಗಿ ನನ್ನ ಲೆಕ್ಕದಲ್ಲಿ ಇದೆಯಾ? ಅದರ ಪಾಲು ಎದ್ದು ಕಾಣುವಷ್ಟು ಇದೆಯಾ? ಏರಿದ ಮೇಲೆ ನಿಲ್ಲುವಂಥದ್ದಾ? ಮೂರೂ ಹೊಂದಿದ್ದು ಸಂಬಳ. ಅಡುಗೆಗೆ ಬರುವ ಇಬ್ಬರಿಗೂ ತಿಂಗಳಿಗೆ 10,500 ಇದ್ದದ್ದನ್ನು 12,750 ಮಾಡಿದ್ದೆ. ಒಂದು ಸಲ ಏರಿಸಿದ ಸಂಬಳ ಇಳಿಯುವುದಿಲ್ಲ, ಇಳಿಸಲೂ ಬಾರದು. ಎರಡನೆಯದಾಗಿ ದಿನಸಿ. ಅದರಲ್ಲಿ ತೆಂಗಿನಕಾಯಿ ಹೆಸರು ಹೇಳಿದೆ. ಆ ವರ್ಷ ಕಾಯಿ ದರ ಏರಿದ್ದನ್ನು ಪ್ರತಿ ಮನೆಯೂ ಅನುಭವಿಸಿತ್ತು. ನಮ್ಮ ಹುಳಿಗೂ ಪಲ್ಯಕ್ಕೂ ಕಾಯಿ ಇಲ್ಲದೆ ಆಗುವುದಿಲ್ಲ. ಕಾಯಿ ಇಳಿಯಬಹುದು, ಅದು ನಿಜ. ಅದಕ್ಕೇ ಅದನ್ನು ಎರಡನೆಯ ಕಾರಣವಾಗಿ ಇಟ್ಟದ್ದು. ಇನ್ನು ಐದಾರು ಕಾರಣ ಸೇರಿಸಲು ಹೋಗಬೇಡಿ. ಪಟ್ಟಿ ಉದ್ದವಾದಷ್ಟೂ ನೆಪ ಅನ್ನಿಸುತ್ತದೆ.

ಅಳತೆಯ ವಿಷಯ ಹೇಳಲೇಬೇಕು. 2024ರ ಜೂನ್‌ನಲ್ಲಿ ಹಾಲಿನ ಪ್ಯಾಕೆಟ್ಟಿಗೆ 50 ಮಿಲಿ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದ್ದರು. ಹಾಲೂ ಜಾಸ್ತಿ ಇದೆ ಅಂತ ಎಷ್ಟು ಹೇಳಿದರೂ ಜನ ಅದನ್ನು ಬೆಲೆ ಏರಿಕೆ ಅಂತಲೇ ಕರೆದರು. ಜೇಬಿನಿಂದ ಹೋಗುವುದೇ ಲೆಕ್ಕ. ಹಾಗಾಗಿ 'ಇನ್ನು ಮೇಲೆ ಹಪ್ಪಳವೂ ಕೊಡುತ್ತೇವೆ' ಅಂತ ಏರಿಕೆಯನ್ನು ಮುಚ್ಚಲು ಹೋಗಬೇಡಿ. ಅದಕ್ಕಿಂತ ಕೆಟ್ಟದ್ದು ದರ ಹಾಗೇ ಇಟ್ಟು ಸದ್ದಿಲ್ಲದೆ ಅಳತೆ ಇಳಿಸುವುದು. ಎರಡು ಚಪಾತಿಯನ್ನು ಒಂದೂವರೆ ಮಾಡಿದರೆ ಮೊದಲ ದಿನವೇ ತಿನ್ನುವವರ ಹೊಟ್ಟೆಗೆ ಗೊತ್ತಾಗುತ್ತದೆ. ಬಾಯಿ ಬಿಟ್ಟು ಹೇಳದೇ ಇರಬಹುದು. ಹೇಳದೇ ಬಿಟ್ಟು ಹೋಗುತ್ತಾರೆ.

5. ಕಡಿಮೆ ದರದ ಒಂದು ದಾರಿ

80ರ ಮೇಲೆ ಆಗದವರು ಇರುತ್ತಾರೆ. ಅವರಿಗೆ ಎಲ್ಲರಿಗೂ ತಿಳಿದ, ಮುಚ್ಚುಮರೆ ಇಲ್ಲದ ದಾರಿ ಒಂದಿರಲಿ. ನಾನು ಚಪಾತಿ ಇಲ್ಲದ ಡಬ್ಬಿಯನ್ನು 80ಕ್ಕೆ ಇಟ್ಟೆ. ಅನ್ನ, ಸಾರು ಅಥವಾ ಹುಳಿ, ಪಲ್ಯ, ಮೊಸರು. ಚಪಾತಿ ತೆಗೆದರೆ ಹಿಟ್ಟು, ಎಣ್ಣೆ, ಗ್ಯಾಸ್ ಸೇರಿ 8 ರೂಪಾಯಿ ಉಳಿಯುತ್ತದೆ. ಸಾಮಾನಿನ ಖರ್ಚು 45, ಕೈಗೆ ಉಳಿಯುವುದು 35. ದೊಡ್ಡ ಡಬ್ಬಿಯಲ್ಲಿ 37. ಹೆಚ್ಚುಕಮ್ಮಿ ಒಂದೇ. ಅವರು ಯಾವುದನ್ನು ಆರಿಸಿದರೂ ನನಗೆ ನಷ್ಟವಿಲ್ಲ, ಹಾಗಾಗಿ ಮನಸ್ಸು ಬಿಚ್ಚಿ ಹೇಳಲು ಆಯಿತು. ಕೊಡುವಾಗ ಒಳಗೊಳಗೇ ಸಂಕಟವಾಗುವಂಥದ್ದನ್ನು ಇಡಬೇಡಿ.

6. ಮೆಸೇಜ್

ನಾನು ಕಳಿಸಿದ್ದು ಇದು. ಸಂಖ್ಯೆ ಬದಲಿಸಿ ನೀವೂ ಬಳಸಬಹುದು.

> ನಮಸ್ಕಾರ. ಆಗಸ್ಟ್ 1ರಿಂದ ಊಟದ ಡಬ್ಬಿಯ ದರ 80ರಿಂದ 90 ರೂಪಾಯಿ ಆಗುತ್ತದೆ. ನಿಮ್ಮ ತಿಂಗಳ ಬಿಲ್ (25 ದಿನ) 2,000 ಇದ್ದದ್ದು 2,250 ಆಗುತ್ತದೆ. ಜುಲೈ ಪೂರ್ತಿ ಈಗಿನ ದರವೇ ಇರುತ್ತದೆ. ಮುಂಗಡ ಕಟ್ಟಿದವರಿಗೆ ಕಟ್ಟಿದ ತಿಂಗಳವರೆಗೂ ಹಳೇ ದರ.
>
> 2023ರ ಜೂನ್ ನಂತರ ದರ ಏರಿಸಿರಲಿಲ್ಲ. ಈ ಎರಡು ವರ್ಷದಲ್ಲಿ ಅಡುಗೆ ಮಾಡುವ ಇಬ್ಬರ ಸಂಬಳ ಜಾಸ್ತಿ ಮಾಡಿದ್ದೇವೆ. ಕಾಯಿ ಮತ್ತು ದಿನಸಿಯ ಖರ್ಚೂ ಏರಿದೆ. ಎಲ್ಲ ಸೇರಿ ಒಂದು ಡಬ್ಬಿಗೆ 11 ರೂಪಾಯಿ ಖರ್ಚು ಜಾಸ್ತಿಯಾಗಿದೆ, 10 ರೂಪಾಯಿ ಏರಿಸುತ್ತಿದ್ದೇವೆ. ಅಳತೆಯಲ್ಲಿ ಏನೂ ಬದಲಾವಣೆ ಇಲ್ಲ.
>
> 80 ರೂಪಾಯಿಯಲ್ಲೇ ಬೇಕು ಅನ್ನುವವರಿಗೆ ಚಪಾತಿ ಇಲ್ಲದ ಡಬ್ಬಿ ಇದೆ.
>
> ತಿಂಗಳ ಖರ್ಚಿನಲ್ಲಿ 250 ರೂಪಾಯಿ ಸಣ್ಣದಲ್ಲ ಅಂತ ಗೊತ್ತು. ಅದಕ್ಕೇ ಮುಂಚೆಯೇ ಹೇಳುತ್ತಿದ್ದೇನೆ. ಮಾತಾಡಬೇಕಿದ್ದರೆ ಸಂಜೆ 4ರಿಂದ 6ರವರೆಗೆ ಫೋನ್ ಮಾಡಿ. ಆಗಸ್ಟ್‌ನಿಂದ ಬೇಡ ಅನ್ನುವುದಾದರೆ ಜುಲೈ 25ರೊಳಗೆ ತಿಳಿಸಿ. ಡಬ್ಬಿಯ ಠೇವಣಿ ಕೊನೆಯ ದಿನವೇ ವಾಪಸ್ ಕೊಡುತ್ತೇನೆ.

ಮೊದಲ ಸಾಲಿನಲ್ಲೇ ದರ ಮತ್ತು ತಾರೀಖು ಇರಬೇಕು. 'ನಿಮ್ಮ ಪ್ರೀತಿ ವಿಶ್ವಾಸಕ್ಕೆ ಧನ್ಯವಾದ' ಅಂತ ನಾಲ್ಕು ಸಾಲು ಬರೆದು ಐದನೆಯದರಲ್ಲಿ ದರ ಹೇಳಿದರೆ ಓದುವವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. 'ದಯವಿಟ್ಟು ಸಹಕರಿಸಿ' ಅನ್ನುವುದನ್ನೂ ತೆಗೆದೆ. ಅದು ಕೇಳುವ ಮಾತಿನಂತೆ ಇದ್ದರೂ ಉತ್ತರಕ್ಕೆ ಜಾಗ ಬಿಡುವುದಿಲ್ಲ. ಬೇಡ ಅನ್ನುವವರಿಗೆ ತಾರೀಖು, ಠೇವಣಿ ಎರಡೂ ಹೇಳಿದರೆ ಜಾಗ ಬಿಟ್ಟಂತೆ. ವಿಚಿತ್ರ ಅಂದರೆ ಆ ಸಾಲು ಓದಿದ ಮೇಲೆಯೇ ಇಬ್ಬರು 'ಇರಲಿ, ಮುಂದುವರಿಸ್ತೀವಿ' ಅಂದರು.

ಬಿಲ್ ಮೊತ್ತ ಬೇರೆ ಬೇರೆ ಇರುವುದರಿಂದ ಗ್ರೂಪಿಗೆ ಹಾಕಬೇಡಿ, ಒಬ್ಬೊಬ್ಬರಿಗೇ ಕಳಿಸಿ. ಗ್ರೂಪಿನಲ್ಲಿ ಮೊದಲು ಬೇಜಾರಿನ ಮಾತಾಡಿದವರ ಹಿಂದೆ ಉಳಿದವರೂ ಹೋಗುತ್ತಾರೆ. ಹಾಗೇ ಎಲ್ಲರಿಗೂ ಒಂದೇ ಸಂಜೆ ಕಳಿಸಿ. ಇಲ್ಲದಿದ್ದರೆ ಮೂರನೇ ಮಹಡಿಯವರಿಗೆ ಹೇಳಿದ್ದು ಮೊದಲನೇ ಮಹಡಿಯವರಿಗೆ ವಾಚ್‌ಮನ್ ಬಾಯಿಂದ ಗೊತ್ತಾಗುತ್ತದೆ. ಡಬ್ಬಿ ತಲುಪಿಸುವ ಹುಡುಗನಿಗೂ ಮೊದಲೇ ಹೇಳಿ. ಎಲ್ಲರೂ ಮೊದಲು ಕೇಳುವುದು ಅವನನ್ನೇ.

7. ಫೋನಿನ ಮಾತು

ಗುರುತು ಹಾಕಿದ್ದ ಹನ್ನೊಂದು ಜನಕ್ಕೆ ಮೆಸೇಜ್ ಕಳಿಸುವ ದಿನ ಮಧ್ಯಾಹ್ನವೇ ಫೋನ್ ಮಾಡಿದೆ. ಅದರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು.

'ಮೇಷ್ಟ್ರೇ, ಆಗಸ್ಟ್‌ನಿಂದ ಡಬ್ಬಿ 90 ಮಾಡ್ತಿದೀನಿ. ನಿಮಗೆ ಡಿಸೆಂಬರ್ ತನಕ 80 ರೂಪಾಯೇ.'

'ನನಗ್ಯಾಕಮ್ಮ ಬೇರೆ ಲೆಕ್ಕ? ನಾನೇನು ಕೇಳಿದ್ನಾ?'

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ದಾನ ಮಾಡಿದ ಹಾಗೆ ಕೇಳಿಸಿತ್ತು ಅವರಿಗೆ. 'ಒಬ್ಬರೇ ಇರೋ ಹಿರಿಯರು ನಾಲ್ಕು ಜನ ಇದಾರೆ ಮೇಷ್ಟ್ರೇ, ನಾಲ್ಕೂ ಜನಕ್ಕೆ ಒಂದೇ ರೂಲು. ಬಜೆಟ್ ಹಾಕಿಕೊಳ್ಳೋಕೆ ಟೈಮ್ ಸಿಗ್ಲಿ ಅಂತ' ಅಂದೆ. 'ರೂಲು ಅಂದ್ರೆ ಸರಿ' ಅಂದರು.

ರಿಯಾಯಿತಿ ಯಾರಿಗೆ, ಯಾಕೆ, ಎಲ್ಲಿಯವರೆಗೆ ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಂಡಿದ್ದರೆ ಯಾರು ಕೇಳಿದರೂ ಹೇಳಬಹುದು. ಫೋನಿನಲ್ಲಿ ಚೌಕಾಸಿ ಮಾಡಿದವರಿಗೆ ಐದು ರೂಪಾಯಿ ಇಳಿಸಿದರೆ ಸುಮ್ನೆ ಒಪ್ಪಿಕೊಂಡವರಿಗೆ ಅನ್ಯಾಯ. ಅದು ಖಂಡಿತ ಗೊತ್ತಾಗುತ್ತದೆ. ಒಂದೇ ಬೀದಿಯಲ್ಲಿ ಇರುವವರು ಮಾತಾಡಿಕೊಳ್ಳದೇ ಇರುತ್ತಾರಾ?

ಸಿಟ್ಟಿನಿಂದ ಮಾತಾಡುವವರ ಹತ್ತಿರ ಕಾರಣವನ್ನು ಮತ್ತೆ ಮತ್ತೆ ಹೇಳಬೇಡಿ. ಒಬ್ಬರು 'ಎಲ್ಲರೂ ಏರಿಸ್ತೀರಿ, ನಮ್ಮ ಸಂಬಳ ಯಾರು ಏರಿಸ್ತಾರೆ?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇದೆ ಅಂತ ತೋರಿಸಿಕೊಳ್ಳಲೂ ಇಲ್ಲ. 'ನಿಜ ಸಾರ್, ಕಷ್ಟ ಆಗತ್ತೆ. ಜುಲೈ ಪೂರ್ತಿ ಟೈಮ್ ಇದೆ, ಚಪಾತಿ ಇಲ್ಲದ್ದು ಬೇಕಾದ್ರೆ ಹೇಳಿ' ಅಂದು ನಿಲ್ಲಿಸಿದೆ. ಹತ್ತು ದಿನ ಬಿಟ್ಟು ಅವರೇ ಸಣ್ಣ ಡಬ್ಬಿ ಕೇಳಿದರು.

ಮಾತಾಡದೇ ಇರುವವರನ್ನು ಗಮನಿಸಬೇಕು. 'ಶನಿವಾರ ಬೇಡ', 'ಈ ವಾರ ಊರಿಗೆ ಹೋಗ್ತಿದೀವಿ' ಅಂತ ದಿನ ಕಡಿಮೆ ಮಾಡುತ್ತಾ ಬಂದರೆ ಬೇರೆ ಕಡೆ ತಿಂದು ನೋಡುತ್ತಿದ್ದಾರೆ ಅಂತ ಅರ್ಥ. ಅಂಥವರಿಗೆ ಜುಲೈ ಮಧ್ಯದಲ್ಲಿ ಒಮ್ಮೆ ಫೋನ್ ಮಾಡಿ, 'ಆಗಸ್ಟ್‌ಗೆ ಯಾವ ಡಬ್ಬಿ ಬರೆದುಕೊಳ್ಳಲಿ?' ಅಂತ ಕೇಳಿ. ಒತ್ತಾಯ ಬೇಡ.

8. ಜುಲೈ 25ರಿಂದ ಆಗಸ್ಟ್ ಕೊನೆವರೆಗೆ

ಜುಲೈ 25ಕ್ಕೆ ಎರಡು ಸಾಲಿನ ನೆನಪೋಲೆ ಕಳಿಸಿ. ತಾರೀಖು, ಅವರ ಹೊಸ ಮೊತ್ತ, ಅವರು ಆರಿಸಿದ ಡಬ್ಬಿ. ಕಾರಣ ಮತ್ತೆ ಬೇಡ. ಆಗಸ್ಟ್ ಬಿಲ್‌ನಲ್ಲಿ '25 ಡಬ್ಬಿ × 90' ಅಂತ ಲೆಕ್ಕ ಬಿಡಿಸಿ ಬರೆಯಿರಿ. ಬರೀ ಒಟ್ಟು ಮೊತ್ತ ಹಾಕಬೇಡಿ. ಯಾರಾದರೂ ಮರೆತು ಹಳೇ 2,000 ಕಳಿಸಿದರೆ ಮೊದಲ ತಿಂಗಳು ಉಳಿದ 250 ಅನ್ನು ಮುಂದಿನ ಬಿಲ್ಲಿಗೆ ಸೇರಿಸಿ, ಹಾಗೆ ಸೇರಿಸಿದ್ದೀನಿ ಅಂತ ತಿಳಿಸಿ. ನನಗೆ ಐದು ಜನ ಹಾಗೇ ಕಳಿಸಿದ್ದರು. ಐವರದ್ದೂ ಬರೀ ಮರೆವು.

ಹೊಸ ದರದ ಮೊದಲ ಎರಡು ವಾರ ಅಡುಗೆಮನೆಯಲ್ಲಿ ನೀವೇ ನಿಲ್ಲಿ. ಎಲ್ಲರೂ ಆ ದಿನಗಳಲ್ಲಿ ಊಟವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಮಾಮೂಲಿ ದಿನ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಯಾರೂ ಏನೂ ಅನ್ನುವುದಿಲ್ಲ. ಆಗಸ್ಟ್ 2ರಂದು ಆದರೆ 'ದುಡ್ಡು ಜಾಸ್ತಿ, ರುಚಿ ಕಮ್ಮಿ' ಅನ್ನುತ್ತಾರೆ. ಹೊಸ ಅಡುಗೆಯವರನ್ನು ಸೇರಿಸುವುದು, ಅಕ್ಕಿ ಬದಲಿಸುವುದು ಆ ತಿಂಗಳು ಬೇಡ.

ನನಗೆ ಆದದ್ದು ಇಷ್ಟು. ನಾಲ್ಕು ಜನ ಬಿಟ್ಟರು, ನಾಲ್ವರೂ ಜುಲೈ 25ರೊಳಗೇ ಹೇಳಿದರು. ಏಳು ಜನ ಚಪಾತಿ ಇಲ್ಲದ ಡಬ್ಬಿಗೆ ಬಂದರು. ಹದಿನಾರರ ಹತ್ತಿರವೂ ಹೋಗಲಿಲ್ಲ. ಬಿಟ್ಟವರಿಗೆ ಠೇವಣಿ ಕೊನೆಯ ಡಬ್ಬಿಯ ಜೊತೆಗೇ ಕವರಿನಲ್ಲಿಟ್ಟು ಕಳಿಸಿದೆ. ಅವರಲ್ಲಿ ಒಬ್ಬರು ಅಕ್ಟೋಬರ್‌ನಲ್ಲಿ ವಾಪಸ್ ಬಂದರು.

ಕೊನೆಗೊಂದು ಕೆಲಸ ಉಳಿದಿರುತ್ತದೆ. ಅದನ್ನು ಆಗಸ್ಟ್‌ನಲ್ಲೇ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳಿ. ಹಿರಿಯರ ಹಳೇ ದರ ಡಿಸೆಂಬರ್‌ಗೆ ಮುಗಿಯುತ್ತದೆ. ಅವರಿಗೆ ಅದು ಹೊಸದಾಗಿ ಏರಿದ ಹಾಗೆಯೇ. ನವೆಂಬರ್ 20ಕ್ಕೆ ನಾಲ್ವರಿಗೂ ಮತ್ತೆ ಫೋನ್ ಮಾಡಿದೆ. ಮೇಷ್ಟ್ರು ಮಾತ್ರ ಫೋನ್ ಎತ್ತಿದ ತಕ್ಷಣ 'ಜನವರಿಯಿಂದ 2,250, ಬರ್ಕೊಂಡಿದೀನಮ್ಮ' ಅಂದರು.